ಲೇಅಪ್ ಕಲಿಸುವುದು ಕೊನೆಯ ಹೆಜ್ಜೆಯಿಂದ

ಪ್ರಶ್ನೆ: ಕೊಡಗಿನ ನಮ್ಮ ಶಾಲೆಯ ಮಕ್ಕಳು ಹಾಕಿ ಆಡಿ ಚೆನ್ನಾಗಿ ಓಡ್ತಾರೆ. ಆದರೆ ಬ್ಯಾಸ್ಕೆಟ್‌ಬಾಲ್ ಲೇಅಪ್‌ನಲ್ಲಿ, ಅಂದರೆ ಓಡಿ ಬಂದು ಜಿಗಿದು ಹತ್ತಿರದಿಂದ ರಿಂಗ್‌ಗೆ ಚೆಂಡು ಹಾಕುವಾಗ, ಹೆಜ್ಜೆ ತಪ್ಪುತ್ತೆ. ಯಾವ ಕ್ರಮದಲ್ಲಿ ಕಲಿಸಲಿ?

ಉತ್ತರ: ಹಿಂದಿನಿಂದ ಮುಂದಕ್ಕೆ ಕಲಿಸಿ. ಮೊದಲು ಕೊನೆಯ ಹೆಜ್ಜೆ, ಆಮೇಲೆ ಎರಡು ಹೆಜ್ಜೆ, ನಂತರ ಒಂದು ಡ್ರಿಬಲ್, ಕೊನೆಗೆ ವೇಗ.

ಬಲಗೈ ಆಟಗಾರನನ್ನು ರಿಂಗ್‌ನ ಬಲಬದಿಯಲ್ಲಿ, ಒಂದು ಹೆಜ್ಜೆ ದೂರ ನಿಲ್ಲಿಸಿ. ಎಡಗಾಲು ಊರಿ, ಬಲಮೊಣಕಾಲು ಎತ್ತಿ, ಬೋರ್ಡಿನ ಚೌಕದ ಬಲ ಮೇಲ್ಮೂಲೆಗೆ ಚೆಂಡು ಮುಟ್ಟಿಸಲಿ. ಎಡಗಾಲು ನೆಲ ಒತ್ತಿದಾಗ ಬಲಮೊಣಕಾಲು, ಬಲಗೈ ಒಟ್ಟಿಗೆ ಮೇಲೇಳುತ್ತವೆ. ಅದಕ್ಕೇ ಈ ಕಾಲು.

ಇದು ರೂಢಿಯಾದ ಮೇಲೆ ಎರಡು ಹೆಜ್ಜೆ: ಬಲ, ಎಡ, ಜಿಗಿತ. ಮಳೆಗಾಲದಲ್ಲಿ ಅಂಗಳ ಜಾರುತ್ತೆ ಅಲ್ವಾ, ಈ ಹೆಜ್ಜೆಗಳನ್ನು ಚೆಂಡಿಲ್ಲದೆ ಜಗಲಿಯಲ್ಲೇ ಮಾಡಿಸಬಹುದು. ಮುಂದೆ ಒಂದು ಡ್ರಿಬಲ್ ಸೇರಿಸಿ. ಬಲಗಾಲು ಊರುವಾಗಲೇ ಚೆಂಡು ಎರಡೂ ಕೈಗೆ ಬರಲಿ. ಎಡವುವುದು ಜಾಸ್ತಿ ಇಲ್ಲೇ, ಆದ್ದರಿಂದ ನಡಿಗೆಯ ವೇಗದಲ್ಲೇ ತಾಳ್ಮೆಯಿಂದ ಮಾಡಿಸಿ.

ವೇಗ ಕೂಡಿದಾಗ ಬೇರೆ ತೊಂದರೆ. ಮೂರು ಪಾಯಿಂಟ್ ಗೆರೆಯಿಂದ ಓಡಿ ಬಂದವರ ಚೆಂಡು ಬೋರ್ಡಿಗೆ ಬಡಿದು ರಿಂಗ್ ದಾಟಿ ಹೋಗುತ್ತೆ. ಓಟದ ವೇಗವೂ ಚೆಂಡಿಗೆ ಸೇರಿರುತ್ತದೆ. ಬಲಹೆಜ್ಜೆ ಉದ್ದ, ಎಡಹೆಜ್ಜೆ ಗಿಡ್ಡ ಇಡಿಸಿ. ಗಿಡ್ಡ ಹೆಜ್ಜೆ ಮುಂದಿನ ಓಟವನ್ನು ಮೇಲಕ್ಕೆ ತಿರುಗಿಸುತ್ತದೆ. ಇಳಿಯುವ ಜಾಗ ನೋಡಿ. ರಿಂಗ್ ಹತ್ತಿರ ಇಳಿದರೆ ಸರಿ, ಅಂಗಳದ ಹಿಂಗೆರೆ ದಾಟಿದರೆ ಮುಂದಕ್ಕೆ ಹಾರಿದ್ದಾರೆ.

ಅದು ಸರಿಹೋದ ಮೇಲೆ ಒಂದು ಹೆಜ್ಜೆ ಹಿಂದಿನಿಂದ ಒಬ್ಬ ಡಿಫೆಂಡರ್ ಅಟ್ಟಿಕೊಂಡು ಬರಲಿ. ಕಾಲು ಮತ್ತೆ ತಪ್ಪಿದರೆ ಒಂದು ಡ್ರಿಬಲ್ ಹಂತಕ್ಕೆ ಹಿಂದಿರುಗಿ.