ನಿಂತ ಮುಟ್ಟು ಐದನೇ ತಿಂಗಳಲ್ಲಿ ಮತ್ತೆ ಕಂಡರೆ

ಪ್ರಶ್ನೆ: ನಾನು ಟ್ರಾನ್ಸ್ ಪುರುಷ, ವಯಸ್ಸು 24. ಎರಡು ವಾರಕ್ಕೊಮ್ಮೆ 150 ಮಿ.ಗ್ರಾಂ. ಟೆಸ್ಟೊಸ್ಟೆರಾನ್ ಇಂಜೆಕ್ಷನ್ ತಗೊಳ್ತೀನಿ. ಮೂರನೇ ತಿಂಗಳಿಗೆ ಮುಟ್ಟು ನಿಂತಿತ್ತು. ಈಗ ಐದನೇ ತಿಂಗಳು. ಎರಡು ಸಲ ಕಂದು ಕಲೆ ಕಾಣಿಸಿದೆ, ಕಿಬ್ಬೊಟ್ಟೆ ಹಿಂಡಿದಂತೆ ನೋಯುತ್ತೆ. ಡೋಸ್ ಜಾಸ್ತಿ ಮಾಡ್ಕೊಳ್ಳಲಾ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಕ್ಯಾಲೆಂಡರ್ ತೆಗೆದು, ಕಲೆ ಕಂಡ ದಿನಗಳನ್ನೂ ಇಂಜೆಕ್ಷನ್ ದಿನಗಳನ್ನೂ ಗುರುತು ಹಾಕಿ. ಎರಡು ಸಲವೂ ಮುಂದಿನ ಇಂಜೆಕ್ಷನ್‌ಗೆ ಎರಡು ಮೂರು ದಿನ ಇದ್ದಾಗಲೇ ಕಲೆ ಬಂದಿದ್ದರೆ ಕಾರಣ ಅರ್ಧ ಸಿಕ್ಕಂತೆ.

ಇಂಜೆಕ್ಷನ್ ಆದ ಮೊದಲ ಕೆಲವು ದಿನ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಏರಿರುತ್ತದೆ, ಎರಡನೇ ವಾರದ ಕೊನೆಗೆ ಇಳಿಯುತ್ತದೆ. ಅದು ಸಾಕಷ್ಟಿದ್ದಾಗ ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸೂಚನೆ ಕುಗ್ಗುತ್ತದೆ, ಗರ್ಭಕೋಶದ ಒಳಪದರ ತೆಳುವಾಗುತ್ತದೆ. ಮುಟ್ಟು ನಿಲ್ಲುವುದು ಹೀಗೆ. ಮಟ್ಟ ಇಳಿದಾಗ ಆ ಹಿಡಿತ ಸಡಿಲವಾಗಿ ಪದರ ಸ್ವಲ್ಪ ಕಳಚಬಹುದು. ಹಾಗಾಗಿ ಮುಂದಿನ ಇಂಜೆಕ್ಷನ್‌ಗೆ ಸ್ವಲ್ಪ ಮುಂಚೆ ರಕ್ತಪರೀಕ್ಷೆ ಮಾಡಿಸಿ. ಮಟ್ಟ ಕಡಿಮೆ ಬಂದರೆ ವೈದ್ಯರು ಒಟ್ಟು ಡೋಸ್ ಹಾಗೇ ಇಟ್ಟು, ವಾರಕ್ಕೆ 75 ಮಿ.ಗ್ರಾಂ.ನಂತೆ ಹಂಚಿಕೊಡಬಹುದು. ಸುಮ್ನೆ ನೀವೇ ಏರಿಸಿಕೊಂಡರೆ ಕೆಂಪು ರಕ್ತಕಣ ಹೆಚ್ಚಾಗಿ ರಕ್ತ ಗಟ್ಟಿಯಾಗುವ ತೊಂದರೆ ಇದೆ.

ಮೊದಲ ವರ್ಷ ಎಲ್ಲರಿಗೂ ಒಂದೇ ತರ ಸಾಗಲ್ಲ. ಮುಟ್ಟು ಮೊದಲು ಹಗುರವಾಗುತ್ತದೆ, ದಿನ ತಪ್ಪುತ್ತದೆ, ಬಹುತೇಕರಿಗೆ ಆರು ತಿಂಗಳೊಳಗೆ ನಿಲ್ಲುತ್ತದೆ. ಕೆಲವರಿಗೆ ವರ್ಷವೇ ಹಿಡಿಯಬಹುದು. ನಡುವೆ ಒಂದು ಇಂಜೆಕ್ಷನ್ ತಪ್ಪಿದರೂ ಕಲೆ ಕಾಣಬಹುದು. ರಕ್ತವೇ ಇಲ್ಲದೆ ಬರೀ ಹಿಂಡುವ ನೋವು ಬರುವುದೂ ಉಂಟು.

ಮಟ್ಟ ಸರಿಯಾಗಿದ್ದೂ ಕಲೆ ನಿಲ್ಲದಿದ್ದರೆ ನೊರೆಥಿಸ್ಟೆರಾನ್ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ಐಯುಡಿ ಕೇಳಿ. ಇವು ಪ್ರೊಜೆಸ್ಟೆರಾನ್ ಗುಂಪಿನವು, ಈಸ್ಟ್ರೊಜೆನ್ ಅಲ್ಲ. ದೇಹ ಮತ್ತೆ ಹಿಂದಕ್ಕೆ ತಿರುಗೀತು ಅಂತ ಹೆದರಿ ಎಷ್ಟೋ ಜನ ಇವನ್ನು ಬೇಡ ಅಂತಾರೆ. ಆ ಹೆದರಿಕೆಗೆ ಕಾರಣವಿಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಮುಟ್ಟು ನಿಂತ ಮಾತ್ರಕ್ಕೆ ಅಂಡ ಬಿಡುಗಡೆ ನಿಂತಿದೆ ಅಂತಲ್ಲ. ಗರ್ಭ ನಿಲ್ಲುವಂಥ ಸಂಪರ್ಕ ಆಗಿದ್ದರೆ, ಇವತ್ತೇ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ. ಟೆಸ್ಟೊಸ್ಟೆರಾನ್ ಭ್ರೂಣಕ್ಕೆ ಹಾನಿ ಮಾಡುತ್ತದೆ. ಸಂಪರ್ಕದ ನಂತರವೇ ರಕ್ತ ಕಾಣುತ್ತಿದ್ದರೆ ಅದು ಬೇರೆ ಕಥೆ: ಯೋನಿಯ ಒಳಚರ್ಮ ಒಣಗಿ ತೆಳುವಾಗಿರಬಹುದು, ಸೋಂಕೂ ಇರಬಹುದು. ಪರೀಕ್ಷೆ ಮಾಡಿಸಬೇಕು.

ಗಂಟೆಗೊಂದು ಪ್ಯಾಡ್ ತುಂಬುತ್ತಿದ್ದರೆ, ತಲೆ ಸುತ್ತಿದರೆ, ನೋವು ಒಂದೇ ಕಡೆ ಜೋರಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ವರ್ಷಗಟ್ಟಲೆ ನಿಂತಿದ್ದ ರಕ್ತ ಕಾರಣವಿಲ್ಲದೆ ಮರಳಿದರೆ ಸ್ಕ್ಯಾನ್ ಮಾಡಿಸಿ, ಗರ್ಭಕೋಶದಲ್ಲಿ ಗಡ್ಡೆ ಅಥವಾ ಪಾಲಿಪ್ ಇದೆಯೇ ನೋಡಬೇಕು. ನಿಮ್ಮದು ಸದ್ಯಕ್ಕೆ ಆ ಸಾಲಿನದಲ್ಲ ಅನಿಸುತ್ತದೆ. ಕ್ಯಾಲೆಂಡರ್ ಹಿಡಿದುಕೊಂಡೇ ವೈದ್ಯರ ಹತ್ತಿರ ಹೋಗಿ.