ಮಕ್ಸ್‌ಗೆ ಕೈ ಹಾಕುವ ಮುಂಚೆ ಡಿಕೋಡರ್‌ನ ನಾಲ್ಕು ಎಲ್‌ಇಡಿ ನೋಡಿ

ಪ್ರಶ್ನೆ: ಮುಂದಿನ ವಾರ ಲ್ಯಾಬ್ ಪರೀಕ್ಷೆ. ಬೇಸಿಕ್ ಗೇಟ್‌ಗಳಲ್ಲೇ 4:1 ಮಕ್ಸ್, 2:4 ಡಿಕೋಡರ್ ಎರಡೂ ಕಟ್ಟೋಕೆ ಬರಬೇಕು. ಎರಡು ಸರ್ಕ್ಯೂಟ್ ಬಾಯಿಪಾಠ ಮಾಡೋಕೆ ಸುಲಭ ದಾರಿ ಇದೆಯಾ? ಮಕ್ಸ್‌ಗೆ 64 ಸಾಲಿನ ಟ್ರೂತ್ ಟೇಬಲ್ ಬರೀಲೇಬೇಕಾ?

ಉತ್ತರ:

ಎರಡು ಸರ್ಕ್ಯೂಟ್ ಎಲ್ಲಿವೆ ಮಾರಾಯ್ರೆ? ಇರುವುದು ಒಂದೇ. ಡಿಪ್ಲೊಮಾ ಓದುವಾಗ ನಾನೂ ಇವನ್ನು ಎರಡು ಬೇರೆ ಪ್ರಯೋಗ ಅಂತಲೇ ಉರು ಹೊಡೆದಿದ್ದೆ. ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ಮಕ್ಸ್ ಬಂತು. ರೆಕಾರ್ಡ್‌ನಲ್ಲಿದ್ದ ಚಿತ್ರ ನೆನಪಿತ್ತು, ಸರಸರ ವೈರ್ ಹಾಕಿದೆ. ನಾಲ್ಕೂ ಡೇಟಾ ಇನ್‌ಪುಟ್‌ಗೆ 1 ಕೊಟ್ಟು ಸೆಲೆಕ್ಟ್ ಸ್ವಿಚ್‌ಗಳನ್ನು 00, 01, 10, 11 ಅಂತ ತಿರುಗಿಸಿದೆ. ನಾಲ್ಕೂ ಸಲ ಎಲ್‌ಇಡಿ ಉರಿಯಿತು. ಡೇಟಾ ಎಲ್ಲ 0 ಮಾಡಿದೆ, ಆರಿತು. ‘ಆಯ್ತು ಸರ್’ ಅಂತ ಕೈ ಎತ್ತಿದೆ.

ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಬಂದರು. ‘I1 ಒಂದಕ್ಕೆ ಮಾತ್ರ 1 ಕೊಡಿ, ಸೆಲೆಕ್ಟ್ 01 ಇಡಿ’ ಎಂದರು. ಎಲ್‌ಇಡಿ ಉರಿಯಲಿಲ್ಲ. ಅವರೇ ಸೆಲೆಕ್ಟನ್ನು 10 ಮಾಡಿದರು, ಉರಿಯಿತು! ‘ಇದು ಯಾವ ಟೇಬಲ್‌ನಲ್ಲಿದೆ?’ ಎಂದು ಕೇಳಿ ಮುಂದಿನ ಬೆಂಚಿಗೆ ಹೋದರು. ನಾನು ಗಾಬರಿಯಲ್ಲಿ ಆರ್ ಗೇಟ್ ಕಡೆಯ ವೈರ್ ಕೀಳಲು ಶುರು ಮಾಡಿದೆ. ಸರಿಯಾಗಿದ್ದದ್ದೂ ಕೆಟ್ಟಿತು, ಟೈಮೂ ಮುಗಿಯಿತು. ಔಟ್‌ಪುಟ್‌ಗೆ ಇದ್ದ ಮಾರ್ಕ್ಸ್ ಅಷ್ಟೂ ಹೋಯಿತು.

ಆಗಿದ್ದೇನು ಗೊತ್ತಾ? S1 ಮತ್ತು S0 ಎರಡಕ್ಕೂ ಕೆಂಪು ವೈರ್ ಹಾಕಿದ್ದೆ. ಸ್ವಿಚ್ ಕಡೆ ಅವು ಅದಲುಬದಲಾಗಿದ್ದವು, ಅಷ್ಟೇ. ಹೀಗಾದಾಗ 00 ತಿರುಗಿಸಿದರೂ 00, 11 ತಿರುಗಿಸಿದರೂ 11. ಆ ಎರಡು ಸಾಲು ಯಾವತ್ತೂ ಸುಳ್ಳು ಹೇಳುವುದಿಲ್ಲ. 01 ಮತ್ತು 10 ಮಾತ್ರ ಜಾಗ ಬದಲಿಸುತ್ತವೆ. ಅಂದರೆ I1 ಬರಬೇಕಾದ ಕಡೆ I2 ಬರುತ್ತದೆ. ಆದರೆ ಎಲ್ಲ ಡೇಟಾವೂ 1 ಆಗಿದ್ದರೆ I1 ಬಂದರೇನು, I2 ಬಂದರೇನು? ಎಲ್‌ಇಡಿ ಉರಿದೇ ಉರಿಯುತ್ತದೆ. ನನ್ನ ಚೆಕಿಂಗ್ ‘ಯಾವುದೋ ಒಂದು ಗೇಟ್ ತೆರೆದಿದೆ’ ಅಂತ ಹೇಳಿತ್ತೇ ಹೊರತು, ಯಾವುದು ಅಂತ ಹೇಳಿರಲಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ತಪ್ಪಿದೆ, ಅದರ ಲಕ್ಷಣ ಬೇರೆ. ನಾಟ್ ಗೇಟ್‌ನಿಂದ ಬಂದ ಎರಡು ವೈರ್ ಮಾತ್ರ ಅದಲುಬದಲಾದರೆ, ಒಂದು ಆ್ಯಂಡ್ ಗೇಟ್‌ಗೆ S0 ಮತ್ತು S0' ಎರಡೂ ಹೋಗುತ್ತವೆ, ಇನ್ನೊಂದಕ್ಕೆ S1 ಮತ್ತು S1'. ಆ ಎರಡು ಗೇಟ್ ಯಾವತ್ತೂ 1 ಕೊಡುವುದಿಲ್ಲ. ಹಾಗಾಗಿ 01, 10 ಎರಡೂ ಸಾಲು ಸತ್ತಂತಿದ್ದರೆ 7404ರ ಔಟ್‌ಪುಟ್ ಪಿನ್ ನೋಡಿ. ಎರಡೂ ಸಾಲು ಉರಿಯುತ್ತಿದ್ದು ಜಾಗ ಬದಲಾಗಿದ್ದರೆ ಸ್ವಿಚ್ ಕಡೆ ನೋಡಿ.

ಈ ಕಾರಣಕ್ಕೇ ನಾನು ಹೇಳುವುದು, ಮಕ್ಸ್ ಚೀಟಿ ಬಂದರೂ ಮೊದಲು ಡಿಕೋಡರ್ ಕಟ್ಟಿ. ಒಂದು 7404, ಒಂದು 7408 ಸಾಕು. ಎರಡರಲ್ಲೂ 14ನೇ ಪಿನ್ +5 ವೋಲ್ಟ್, 7ನೇ ಪಿನ್ ಗ್ರೌಂಡ್. 7404ರಲ್ಲಿ 1ನೇ ಪಿನ್‌ಗೆ S1 ಕೊಟ್ಟರೆ 2ರಲ್ಲಿ S1' ಸಿಗುತ್ತದೆ. 3ಕ್ಕೆ S0 ಕೊಟ್ಟರೆ 4ರಲ್ಲಿ S0'. ಈ ನಾಲ್ಕು ಗೆರೆಗಳನ್ನು 7408ರ ನಾಲ್ಕು ಗೇಟ್‌ಗಳಿಗೆ ಹೀಗೆ ಹಂಚಿ:

```
D0 = S1'·S0'   (1, 2 -> 3)
D1 = S1'·S0    (4, 5 -> 6)
D2 = S1·S0'    (9, 10 -> 8)
D3 = S1·S0     (12, 13 -> 11)

S1 S0 | D0 D1 D2 D3
0  0  | 1  0  0  0
0  1  | 0  1  0  0
1  0  | 0  0  1  0
1  1  | 0  0  0  1
```

ಮೂರನೇ ಗೇಟ್‌ನ ಔಟ್‌ಪುಟ್ 8ನೇ ಪಿನ್. ಎಡಗಡೆ ಸಾಲಿನ ಅಭ್ಯಾಸದಲ್ಲೇ 10 ಅಂತ ಚುಚ್ಚುವವರು ಜಾಸ್ತಿ, ಹುಷಾರು.

D0ಯಿಂದ D3ವರೆಗೆ ನಾಲ್ಕಕ್ಕೂ ಎಲ್‌ಇಡಿ ಕೊಟ್ಟು ಸೆಲೆಕ್ಟ್ ತಿರುಗಿಸಿ. ಪ್ರತಿ ಸಾಲಿಗೂ ಒಂದೇ ಒಂದು ಉರಿಯಬೇಕು, ಅದೂ ಕ್ರಮವಾಗಿ ಪಕ್ಕಕ್ಕೆ ಸರಿಯುತ್ತಾ ಹೋಗಬೇಕು. ನನ್ನ ಕೆಂಪು ವೈರ್ ತಪ್ಪು ಇಲ್ಲಿ ಆಗಿದ್ದರೆ 01ಕ್ಕೆ D2 ಉರಿದು ಆ ಕ್ಷಣವೇ ಸಿಕ್ಕಿಬೀಳುತ್ತಿತ್ತು.

ಇದು ಸರಿಯಿದ್ದರೆ ಮಕ್ಸ್ ಮುಕ್ಕಾಲು ಮುಗಿದಂತೆ. ಇನ್ನೊಂದು 7408 ತಗೊಂಡು D0ಯನ್ನು I0 ಜೊತೆ, D1ನ್ನು I1 ಜೊತೆ, ಹೀಗೆ ನಾಲ್ಕನ್ನೂ ಆ್ಯಂಡ್ ಮಾಡಿ. ಬಂದ ನಾಲ್ಕು ಔಟ್‌ಪುಟ್‌ಗಳನ್ನು 7432ರ ಮೂರು ಆರ್ ಗೇಟ್‌ಗಳಲ್ಲಿ ಸೇರಿಸಿ. ಮೊದಲು ಎರಡೆರಡು, ಆಮೇಲೆ ಆ ಎರಡನ್ನು ಒಂದು. ಡಿಕೋಡರ್ ಮೂರು ಗೆರೆಗಳಿಗೆ 0 ಕೊಡುವುದರಿಂದ ಆ ಮೂರು ಡೇಟಾ ಆ್ಯಂಡ್ ಗೇಟ್‌ನಲ್ಲೇ ನಿಂತುಬಿಡುತ್ತವೆ. ಆಯ್ದ ಒಂದು ಮಾತ್ರ ಆಚೆ ಬರುತ್ತದೆ.

```
Y = S1'S0'I0 + S1'S0I1 + S1S0'I2 + S1S0I3
```

ಮೂರು ಇನ್‌ಪುಟ್‌ನ 7411 ಬಳಸಿದರೆ ಐಸಿ ಉಳಿಯುತ್ತದೆ ಅಂತ ಯಾರಾದರೂ ಹೇಳಬಹುದು. ಲೆಕ್ಕ ಹಾಕಿ ನೋಡಿ. ಒಂದು 7411ರಲ್ಲಿ ಮೂರೇ ಗೇಟ್, ನಮಗೆ ಬೇಕಾದದ್ದು ನಾಲ್ಕು. ಹಾಗಾಗಿ ಎರಡು 7411, ಒಂದು 7404, ಒಂದು 7432, ಮತ್ತೆ ಅದೇ ನಾಲ್ಕು ಐಸಿ! ಮೇಲಾಗಿ ಡಿಕೋಡರ್ ಒಳಗೆ ಮುಚ್ಚಿಹೋಗುತ್ತದೆ, ಎಲ್‌ಇಡಿ ಹಾಕಿ ನೋಡಲು ಜಾಗವೇ ಇರುವುದಿಲ್ಲ. ವೈರ್ ಒಂದಿಷ್ಟು ಕಡಿಮೆಯಾಗುತ್ತದೆ ನಿಜ. ನಾನಂತೂ ಆ ದಾರಿ ಹಿಡಿಯಲ್ಲ.

64 ಸಾಲು ಬರೆಯಬೇಡಿ. ಆರು ಇನ್‌ಪುಟ್ ಇರುವುದರಿಂದ ಲೆಕ್ಕಕ್ಕೆ 64 ನಿಜ. ಆದರೆ ಸೆಲೆಕ್ಟ್ 00 ಇದ್ದಾಗ I1, I2, I3 ಏನಾದರೂ ಇರಲಿ, Y ಅಂದರೆ I0. ಹಾಗಾಗಿ ರೆಕಾರ್ಡ್‌ಗೆ ನಾಲ್ಕೇ ಸಾಲು ಬರೆದು Y ಕಾಲಂನಲ್ಲಿ I0, I1, I2, I3 ಅಂತ ಹಾಕಿ. ಕಿಟ್ ಮೇಲೆ ಚೆಕ್ ಮಾಡಲು ಮಾತ್ರ ಈ ಎಂಟು ಸಾಲು ಬಳಸಿ:

```
S1 S0 | I0 I1 I2 I3 | Y
0  0  | 1  0  0  0  | 1
0  0  | 0  1  1  1  | 0
0  1  | 0  1  0  0  | 1
0  1  | 1  0  1  1  | 0
1  0  | 0  0  1  0  | 1
1  0  | 1  1  0  1  | 0
1  1  | 0  0  0  1  | 1
1  1  | 1  1  1  0  | 0
```

ಪ್ರತಿ ಜೋಡಿಯಲ್ಲಿ ಮೊದಲ ಸಾಲು ‘ಬೇಕಾದದ್ದು ಬರುತ್ತಿದೆಯಾ’ ಅಂತ ಕೇಳುತ್ತದೆ, ಎರಡನೆಯದು ‘ಬೇಡದ್ದು ನುಸುಳುತ್ತಿದೆಯಾ’ ಅಂತ. ಇಲ್ಲಿ 0 ಎಂದರೆ ವೈರನ್ನು ಗ್ರೌಂಡ್‌ಗೆ ಹಾಕುವುದು, ಸುಮ್ನೆ ಕಿತ್ತು ಬಿಡುವುದಲ್ಲ. ಟಿಟಿಎಲ್ ಐಸಿಯಲ್ಲಿ ಖಾಲಿ ಬಿಟ್ಟ ಇನ್‌ಪುಟ್ ಸಾಮಾನ್ಯವಾಗಿ 1 ಎಂದೇ ವರ್ತಿಸುತ್ತದೆ. 74HC ಸರಣಿಯ ಐಸಿ ಆದರೆ ಕೈ ಹತ್ತಿರ ತಂದರೂ ಅತ್ತಿತ್ತ ಓಲಾಡಬಹುದು.

ವೈವಾದಲ್ಲಿ ರೆಡಿಮೇಡ್ ಐಸಿ ಬಗ್ಗೆ ಕೇಳಬಹುದು. ಮಕ್ಸ್‌ಗೆ 74153, ಡಿಕೋಡರ್‌ಗೆ 74139. ಎರಡರಲ್ಲೂ ಎನೇಬಲ್ ಪಿನ್‌ಗೆ 0 ಕೊಡಬೇಕು. 74139ರ ಔಟ್‌ಪುಟ್ ನಾವು ಕಟ್ಟಿದ್ದಕ್ಕೆ ಉಲ್ಟಾ, ಆಯ್ದ ಗೆರೆ 0 ಆಗುತ್ತದೆ, ಉಳಿದ ಮೂರು 1. ಮೂರು ಎಲ್‌ಇಡಿ ಉರಿದು ಒಂದು ಆರಿದ್ದರೆ ಐಸಿ ಸುಟ್ಟಿದೆ ಅಂತ ಬದಲಿಸಲು ಹೋಗಬೇಡಿ.