ಪಾರ್ಲರ್ ಮಾರಾಟಕ್ಕಿಡುವ ಮುಂಚೆ

ಗೀತಮ್ಮ (ಹೆಸರು ಬದಲಿಸಿದ್ದೇನೆ) ಶಿವಮೊಗ್ಗದಲ್ಲಿ ತುಂಬಾ ವರ್ಷಗಳಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಾರೆ. ಇಡೀ ದಿನ ನಿಂತು ಸೊಂಟ ನೋವು ಜಾಸ್ತಿಯಾಗಿ ಮಾರಲು ನಿರ್ಧರಿಸಿದ್ದರು. "ಹನ್ನೆರಡು ಲಕ್ಷ ಹೇಳ್ತೀನಿ ಮೇಡಂ, ನಾನು ಹಾಕಿದ್ದೇ ಅಷ್ಟು" ಅಂದರು.

ಹಾಕಿದ ದುಡ್ಡಿನಿಂದ ಬೆಲೆ ಹುಟ್ಟುವುದಿಲ್ಲ. ಗೀತಮ್ಮ ಹೋದ ಮೇಲೆ ಅಂಗಡಿ ಎಷ್ಟು ಉಳಿಸುತ್ತದೆ ಅನ್ನುವುದನ್ನು ಕೊಳ್ಳುವವರು ನೋಡುತ್ತಾರೆ. ಅವರ ಪಾಸ್‌ಬುಕ್ಕಿನಲ್ಲಿ ಪಾರ್ಲರಿನ ಹಣದ ಜೊತೆ ಮನೆಯ ಗ್ಯಾಸು, ಮಗನ ಫೀಸು ಎಲ್ಲಾ ಕಲಸಿಹೋಗಿತ್ತು. ಮೊದಲು ಅದನ್ನು ಬಿಡಿಸಿದೆವು.

ಹನ್ನೆರಡು ತಿಂಗಳ ಸರಾಸರಿ ಹಿಡಿದರೆ ತಿಂಗಳ ವ್ಯಾಪಾರ 1,10,000 ರೂಪಾಯಿ. ಬಾಡಿಗೆ, ಇಬ್ಬರು ಹುಡುಗಿಯರ ಸಂಬಳ, ಕ್ರೀಮು ಬಣ್ಣ, ಕರೆಂಟು ಸೇರಿ ಖರ್ಚು 62,000. ಉಳಿದದ್ದು 48,000. ಇದನ್ನೇ ಅವರು ಲಾಭ ಅಂದುಕೊಂಡಿದ್ದರು. ಆದರೆ ಅವರ ಜಾಗಕ್ಕೆ ಪಳಗಿದ ಬ್ಯೂಟಿಷಿಯನ್ ಬೇಕಲ್ವಾ? ಆ ಸಂಬಳ 22,000 ಕಳೆದರೆ ನಿಜವಾದ ಉಳಿಕೆ 26,000. ವರ್ಷಕ್ಕೆ 3,12,000.

ಒಬ್ಬರ ಕೈಗುಣದ ಮೇಲೆ ನಿಂತ ಪಾರ್ಲರಿಗೆ ಇದರ ಒಂದರಿಂದ ಎರಡು ಪಟ್ಟಿಗಿಂತ ಜಾಸ್ತಿ ನಿರೀಕ್ಷಿಸಬೇಡಿ ಎಂದೆ. ಒಂದೂವರೆ ಪಟ್ಟು ಹಿಡಿದರೆ ಕುರ್ಚಿ, ಸ್ಟೀಮರ್ ಎಲ್ಲಾ ಸೇರಿ 4,68,000. ಮುಂಗಡ ಹಣ ಪಡೆದ, ಇನ್ನೂ ಮಾಡಿಕೊಡಬೇಕಾದ ಫೇಶಿಯಲ್ ಪ್ಯಾಕೇಜುಗಳು 38,000 ರೂಪಾಯಿಯಷ್ಟಿದ್ದವು. ಅದು ಕೊಳ್ಳುವವರ ಮೇಲೆ ಬೀಳುವ ಸಾಲ. ಕಳೆದರೆ 4,30,000. ಕಟ್ಟಡದ ಮಾಲೀಕರ ಹತ್ತಿರವಿರುವ ಬಾಡಿಗೆ ಅಡ್ವಾನ್ಸ್ ಬೇರೆ ಲೆಕ್ಕ. ಗೀತಮ್ಮನ ಮುಖ ಬಾಡಿತು. ಆದರೂ ಈ ಸಂಖ್ಯೆಯನ್ನು ಮೊದಲು ನನ್ನಿಂದ ಕೇಳಿದ್ದೇ ಒಳ್ಳೆಯದು ಅನ್ನಿಸುತ್ತದೆ. ಕೊಳ್ಳುವವರ ಎದುರು ಕೇಳಿದ್ದರೆ ಚೌಕಾಸಿಯಲ್ಲಿ ಅವರು ಇನ್ನೂ ಸೋಲುತ್ತಿದ್ದರು.

ಈ ಬೆಲೆ ಏರಿಸಲು ದಾರಿಯಿದೆ, ಅದು ಗಿರಾಕಿಗಳಲ್ಲಿದೆ. ಫೋನಿನಲ್ಲಿ ಒಂಬೈನೂರು ನಂಬರ್ ಇದ್ದರೂ ಕಳೆದ ಆರು ತಿಂಗಳಲ್ಲಿ ಬಂದವರು 260 ಮಂದಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ "ಗೀತಕ್ಕನೇ ಮಾಡಬೇಕು" ಅನ್ನುವವರು. ಅಕ್ಕ ಹೋದರೆ ಅವರೂ ಹೋಗುತ್ತಾರೆ. ಹಾಗಾಗಿ ಇವತ್ತಿನಿಂದಲೇ ಥ್ರೆಡಿಂಗ್, ವ್ಯಾಕ್ಸಿಂಗ್, ಫೇಶಿಯಲ್ಲನ್ನು ಹುಡುಗಿಯರಿಗೆ ಬಿಡಿ, ಮದುಮಗಳ ಅಲಂಕಾರ ಮಾತ್ರ ನೀವು ಮಾಡಿ ಎಂದೆ. ಯಾರು ಬಂದರು, ಏನು ಮಾಡಿಸಿದರು, ಯಾರ ಕೈಯಲ್ಲಿ, ಎಷ್ಟು ಕೊಟ್ಟರು ಎಂದು ದಿನಾ ಪುಸ್ತಕದಲ್ಲಿ ಬರೆಯಬೇಕು. ನಗದನ್ನೂ ಬರೆಯಬೇಕು. ಯುಪಿಐ ಸ್ಕ್ಯಾನರ್ ಪಾರ್ಲರಿನ ಕರೆಂಟ್ ಅಕೌಂಟಿಗೇ ಇರಬೇಕು. ಪುಸ್ತಕವೂ ಬ್ಯಾಂಕೂ ತಾಳೆಯಾಗದ ವ್ಯಾಪಾರವನ್ನು ಯಾರೂ ಬೆಲೆಗೆ ಸೇರಿಸುವುದಿಲ್ಲ.

ಏಪ್ರಿಲ್, ಮೇ ಮದುವೆ ಸೀಸನ್ ನೋಡಿ ಆತುರಪಡಬೇಡಿ ಎಂದೂ ಹೇಳಿದೆ. ಆಷಾಢದ ಮಳೆಯಲ್ಲಿ ಇಲ್ಲಿ ಮದುವೆಯೂ ಇಲ್ಲ, ಪಾರ್ಲರಿಗೆ ಜನವೂ ಕಡಿಮೆ. ಇಡೀ ವರ್ಷದ ಪುಸ್ತಕ ತೋರಿಸಿದರೆ ಮಾತ್ರ ನಂಬಿಕೆ ಬರುತ್ತದೆ.

ಗಿರಾಕಿಗಳ ನಂಬರನ್ನು ಸುಮ್ನೆ ನೋಡಲು ಬಂದವರಿಗೆ ಕೊಡಬಾರದು. ಎಷ್ಟು ಜನ, ಎಷ್ಟು ಸಲ ಬರುತ್ತಾರೆ ಅಂತ ತೋರಿಸಿದರೆ ಸಾಕು. ವ್ಯವಹಾರ ಮುಗಿಯುವಾಗ ಗಿರಾಕಿಗಳನ್ನು ಕೇಳಿ, ಒಪ್ಪಿದವರದ್ದನ್ನು ಮಾತ್ರ ದಾಟಿಸಬೇಕು. ಹೊಸಬರ ಜೊತೆ ಎರಡು ತಿಂಗಳು ಕೂರುವುದಕ್ಕೆ ಗೀತಮ್ಮ ಒಪ್ಪಿದ್ದಾರೆ. ಕಟ್ಟಡದ ಮಾಲೀಕರು ಹೊಸಬರ ಹೆಸರಿಗೆ ಕರಾರು ಬರೆದುಕೊಡುತ್ತಾರಾ ಅಂತ ಈ ವಾರ ಕೇಳಲಿದ್ದಾರೆ. ಅವರು ಒಪ್ಪದಿದ್ದರೆ ಮಾರಲು ಉಳಿಯುವುದು ಕುರ್ಚಿ, ಸ್ಟೀಮರ್ ಅಷ್ಟೇ.